ಮಗುವಿನ ಟ್ಯಾಬ್‌ಗೆ ಬೀಗ: ಮೂರು ದಾರಿ ಬಳಸಿ ನೋಡಿದ ಮೇಲೆ

ನಮ್ಮ ಮಗಳಿಗೆ ಐದು ವರ್ಷ. ಶಾಲೆಯಿಂದ ಬಂದ ಮೇಲೆ, ನಾವು ಆಫೀಸಿನಿಂದ ಬರುವ ತನಕ ಅಜ್ಜಿ ಜೊತೆ ಇರುತ್ತಾಳೆ. ಅವಳು ಟ್ಯಾಬ್ ಹಿಡಿಯುವುದೂ ಆ ಹೊತ್ತಿನಲ್ಲೇ. ಎರಡರಿಂದ ಐದು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಅನ್ನುತ್ತದೆ ಭಾರತೀಯ ಮಕ್ಕಳ ವೈದ್ಯರ ಸಂಘ. ನಾವು ಮುಕ್ಕಾಲು ಗಂಟೆ ಅಂತ ಇಟ್ಟುಕೊಂಡೆವು.

ಸ್ಯಾಮ್‌ಸಂಗ್ ಟ್ಯಾಬ್ ನಮ್ಮದೇ. ಅದರಲ್ಲಿ ಸ್ಯಾಮ್‌ಸಂಗ್ ಕಿಡ್ಸ್ ಮತ್ತು ಗೂಗಲ್‌ನ ಫ್ಯಾಮಿಲಿ ಲಿಂಕ್ ಎರಡನ್ನೂ ಬಳಸಿದೆ. ಅಕ್ಕನ ಮನೆಯ ಐಪ್ಯಾಡ್‌ನಲ್ಲಿ ಗೈಡೆಡ್ ಆಕ್ಸೆಸ್ ನೋಡಿದೆ. ಯಾವುದರಲ್ಲಿ ಎಷ್ಟು ಸೌಲಭ್ಯ ಇದೆ ಅಂತ ನಾನು ಲೆಕ್ಕ ಹಾಕಲಿಲ್ಲ. ನನಗೆ ಬೇಕಾಗಿದ್ದು ಎರಡೇ ಪ್ರಶ್ನೆಗೆ ಉತ್ತರ. ಸಮಯ ಮುಗಿದಾಗ ಮಗುವಿಗೆ ಅದು ಹೇಗೆ ಗೊತ್ತಾಗುತ್ತದೆ? ಇನ್ನು ಸ್ವಲ್ಪ ಹೊತ್ತು ಕೊಡಬೇಕು ಅಂದರೆ ಬೀಗದ ಕೈ ಯಾರ ಹತ್ತಿರ ಇದೆ?

ಮೂರರಲ್ಲಿ ಸುಲಭವಾಗಿ ಶುರು ಮಾಡಬಹುದಾದದ್ದು ಸ್ಯಾಮ್‌ಸಂಗ್ ಕಿಡ್ಸ್. ಪರದೆಯನ್ನು ಮೇಲಿನಿಂದ ಕೆಳಗೆ ಎಳೆದರೆ ಬರುವ ಬಟನ್‌ಗಳಲ್ಲೇ ಅದೂ ಇರುತ್ತದೆ. ಒತ್ತಿ, ಪಿನ್ ಇಟ್ಟರೆ ಮಕ್ಕಳಿಗೆಂದೇ ಬೇರೆ ಮುಖಪುಟ ತೆರೆದುಕೊಳ್ಳುತ್ತದೆ. ಮಗುವಿನ ಹೆಸರಲ್ಲಿ ಖಾತೆ ಬೇಡ. ನಾವು ಸೇರಿಸಿದ ಆ್ಯಪ್ ಮಾತ್ರ ಕಾಣುತ್ತವೆ. ದಿನಕ್ಕೆ ಎಷ್ಟು ಹೊತ್ತು ಆಡಬಹುದು ಅಂತ ವಾರದ ದಿನಕ್ಕೆ ಒಂದು, ವಾರಾಂತ್ಯಕ್ಕೆ ಒಂದು ಮಿತಿ ಇಡಬಹುದು. ಹೊತ್ತು ಮುಗಿದರೆ ಆಟ ನಿಲ್ಲುತ್ತದೆ, ಮುಂದುವರಿಸಲು ಪಿನ್ ಬೇಕು.

ನಮ್ಮ ಮನೆಯಲ್ಲಿ ತೊಡಕಾಗಿದ್ದೂ ಆ ಪಿನ್ನೇ. ನಾನು ಆಫೀಸಿನಲ್ಲಿದ್ದಾಗ ಅದು ಅತ್ತೆಗೆ ಗೊತ್ತಿರಲೇಬೇಕು. ಪಕ್ಕದಲ್ಲಿ ಕೂತ ಮಗು ಅವರ ಬೆರಳು ಎಲ್ಲಿ ಹೋಗುತ್ತದೆ ಅಂತ ನೋಡುತ್ತಲೇ ಇರುತ್ತದೆ. ಓದಲು ಬಾರದ ಮಗುವಿಗೂ ಬೆರಳಿನ ದಾರಿ ನೆನಪಿರುತ್ತದೆ. ಇನ್ನೊಂದು ಕೊರತೆ ಅಂದರೆ, ಈ ಕಾವಲು ಇರುವುದು ಕಿಡ್ಸ್ ಒಳಗೆ ಮಾತ್ರ. ಅದರಿಂದ ಹೊರಗೆ ಬಂದ ಟ್ಯಾಬ್ ದೊಡ್ಡವರ ಟ್ಯಾಬೇ. ಅದಕ್ಕೇ ಲಾಕ್ ಸ್ಕ್ರೀನ್‌ಗೆ ಬೇರೆ ಪಿನ್ ಇಡಬೇಕು. ದೂರದಿಂದ ಏನನ್ನೂ ಬದಲಿಸಲು ಆಗುವುದಿಲ್ಲ. ಅಪ್ಪನೋ ಅಮ್ಮನೋ ಪಕ್ಕದಲ್ಲೇ ಇರುವ ಮನೆಗೆ, ಅಥವಾ ರೈಲು ಪ್ರಯಾಣಕ್ಕೆ, ಇದು ಧಾರಾಳವಾಗಿ ಸಾಕು.

ಐಪ್ಯಾಡ್‌ನ ಗೈಡೆಡ್ ಆಕ್ಸೆಸ್ ಪೂರ್ತಿ ಬೇರೆ ಜಾತಿ. Settings ಒಳಗೆ Accessibility, ಅದರಲ್ಲಿ Guided Access ಆನ್ ಮಾಡಿ ಪಾಸ್‌ಕೋಡ್ ಇಡಬೇಕು. ಆಮೇಲೆ ಯಾವ ಆ್ಯಪ್ ಬೇಕೋ ಅದನ್ನು ತೆರೆದು, ಮೇಲಿನ ಬಟನ್ (ಹಳೆಯ ಐಪ್ಯಾಡ್ ಆದರೆ ಹೋಮ್ ಬಟನ್) ಮೂರು ಸಲ ಒತ್ತಿದರೆ ಮಗು ಆ ಒಂದೇ ಆ್ಯಪ್‌ನಲ್ಲಿ ಉಳಿಯುತ್ತದೆ. ಪರದೆಯ ಯಾವುದಾದರೂ ಜಾಗದ ಸುತ್ತ ಬೆರಳಿನಿಂದ ಗೆರೆ ಎಳೆದರೆ ಅಲ್ಲಿ ಮುಟ್ಟಿದರೂ ಏನೂ ಆಗುವುದಿಲ್ಲ. ಚಿತ್ರ ಬಿಡಿಸುವ ಆ್ಯಪ್‌ನ ಮೂಲೆಯಲ್ಲಿದ್ದ ಖರೀದಿ ಬಟನ್ನನ್ನು ಅಕ್ಕ ಹೀಗೇ ಮುಚ್ಚಿದ್ದಾಳೆ.

ನನಗೆ ತುಂಬಾ ಹಿಡಿಸಿದ್ದು ಇದರ Time Limits. ಹೊತ್ತು ಮುಗಿಯುವ ಮೊದಲು ಶಬ್ದ ಮಾಡುವಂತೆ, ಅಥವಾ ಎಷ್ಟು ಸಮಯ ಉಳಿದಿದೆ ಅಂತ ಮಾತಿನಲ್ಲೇ ಹೇಳುವಂತೆ ಇಡಬಹುದು. ಓದಲು ಬಾರದ ಮಗುವಿಗೆ ಎಚ್ಚರಿಕೆ ಕಿವಿಗೇ ಬೀಳಬೇಕು, ಅಲ್ವಾ? ಏನೂ ಸೂಚನೆ ಇಲ್ಲದೆ ಕಾರ್ಟೂನ್ ನಡುವೆ ಪರದೆ ನಿಂತುಹೋದಾಗ ಬರುವ ಅಳುವಿಗೂ, ಮೊದಲೇ ಕೇಳಿಸಿಕೊಂಡ ಮಗುವಿನ ಗೊಣಗಾಟಕ್ಕೂ ತುಂಬಾ ವ್ಯತ್ಯಾಸ ಇದೆ. ಆದರೆ ಇದನ್ನು ಪ್ರತಿ ಸಲವೂ ಕೈಯಾರೆ ಶುರು ಮಾಡಬೇಕು. ದಿನದ ಒಟ್ಟು ಲೆಕ್ಕವನ್ನೂ ಇಡುವುದಿಲ್ಲ. ಆ ಲೆಕ್ಕಕ್ಕೆ ಐಪ್ಯಾಡ್‌ನಲ್ಲಿ ಸ್ಕ್ರೀನ್ ಟೈಮ್ ಅಂತ ಬೇರೆಯೇ ಇದೆ. ಅದಕ್ಕೂ ಪಾಸ್‌ಕೋಡ್ ಇಟ್ಟು, ಮಿತಿಯ ಕೆಳಗಿರುವ Block at End of Limit ಆನ್ ಮಾಡಲೇಬೇಕು. ಇಲ್ಲದಿದ್ದರೆ Ignore Limit ಅನ್ನುವ ಬಟನ್ ಮಗುವಿನ ಕೈಗೇ ಸಿಗುತ್ತದೆ.

ಕೊನೆಗೆ ನಾವು ಉಳಿಸಿಕೊಂಡಿದ್ದು ಫ್ಯಾಮಿಲಿ ಲಿಂಕ್. ಹೊಂದಿಸಲು ಜಾಸ್ತಿ ಹೊತ್ತು ಬೇಕು. ಮಗುವಿನ ಹೆಸರು, ಹುಟ್ಟಿದ ದಿನ ಕೊಟ್ಟು ಖಾತೆ ತೆರೆಯಬೇಕು, ಆ ಖಾತೆಯಿಂದ ಟ್ಯಾಬ್‌ಗೆ ಲಾಗಿನ್ ಆಗಬೇಕು, ನನ್ನ ಫೋನ್‌ನಲ್ಲಿ ಆ್ಯಪ್ ಹಾಕಿಕೊಳ್ಳಬೇಕು. ಇಲ್ಲಿ ಒಂದು ಕೆಲಸ ತಪ್ಪಿಸಬಾರದು. ಟ್ಯಾಬ್‌ನಲ್ಲಿ ಮೊದಲೇ ಇದ್ದ ದೊಡ್ಡವರ ಖಾತೆಯನ್ನು ತೆಗೆದುಬಿಡಿ. ಹೊಸ ಆ್ಯಪ್‌ಗೆ ನಿಮ್ಮ ಒಪ್ಪಿಗೆ ಬೇಕು ಅನ್ನುವ ನಿಯಮ ಮಗುವಿನ ಖಾತೆಗೆ ಸೇರಿದ್ದು, ನಿಮ್ಮ ಖಾತೆಗಲ್ಲ.

ಇಷ್ಟಾದ ಮೇಲೆ ಬೀಗದ ಕೈ ನನ್ನ ಫೋನ್‌ನಲ್ಲೇ ಇರುತ್ತದೆ. ಟ್ಯಾಬ್‌ಗೆ ದಿನಕ್ಕೆ ಮುಕ್ಕಾಲು ಗಂಟೆ, ಅದರಲ್ಲಿ ಯೂಟ್ಯೂಬ್ ಕಿಡ್ಸ್‌ಗೆ ಅರ್ಧ ಗಂಟೆ, ರಾತ್ರಿ ಎಂಟರ ಮೇಲೆ ಪೂರ್ತಿ ಬಂದ್. ಯಾವತ್ತಾದರೂ ಅತ್ತೆ ಫೋನ್ ಮಾಡಿ, "ಇನ್ನೊಂದು ಹತ್ತು ನಿಮಿಷ ಕೊಟ್ಬಿಡಮ್ಮ, ಜ್ವರ ಅಂತ ಮಲಗಿದ್ದಾಳೆ" ಅಂದರೆ, ಆ ದಿನಕ್ಕೆ ಮಾತ್ರ ಸ್ವಲ್ಪ ಹೊತ್ತು ಕೂತಲ್ಲಿಂದಲೇ ಸೇರಿಸುತ್ತೇನೆ. ಮರುದಿನ ಮಿತಿ ತಾನಾಗಿ ಮೊದಲಿನಂತೆಯೇ ಇರುತ್ತದೆ. ಬೇಡ ಅನ್ನುವ ಕಷ್ಟವೂ ಅತ್ತೆಗಿಲ್ಲ. ಮಗು ಅವರನ್ನು ಪೀಡಿಸುವುದು ಕಡಿಮೆಯಾಗಿದ್ದು ಇದರಿಂದಲೇ.

ಕರೆಂಟ್ ಹೋಗಿ ವೈಫೈ ನಿಂತರೆ? ಮೊದಲೇ ಇಟ್ಟ ಮಿತಿ ಟ್ಯಾಬ್‌ನಲ್ಲೇ ಇರುತ್ತದೆ, ಕೆಲಸ ಮಾಡುತ್ತದೆ. ಆದರೆ ನಾನು ಸೇರಿಸಿದ ಸಮಯ ಟ್ಯಾಬ್‌ಗೆ ತಲುಪುವುದಿಲ್ಲ. ಅಂಥ ಹೊತ್ತಿಗೆ ನನ್ನ ಆ್ಯಪ್‌ನಲ್ಲಿ ಪೋಷಕರ ಕೋಡ್ ಸಿಗುತ್ತದೆ. ಅದನ್ನು ಫೋನ್‌ನಲ್ಲಿ ಹೇಳಿದರೆ ಅತ್ತೆ ಟ್ಯಾಬ್‌ನಲ್ಲಿ ಒತ್ತಿ ತೆರೆಯುತ್ತಾರೆ. ಆ ಕೋಡ್ ಬದಲಾಗುತ್ತಲೇ ಇರುವುದರಿಂದ ಮಗು ನೋಡಿಕೊಂಡರೂ ನಾಳೆ ನಡೆಯುವುದಿಲ್ಲ. ಸ್ಯಾಮ್‌ಸಂಗ್ ಕಿಡ್ಸ್‌ನ ಪಿನ್‌ಗಿಂತ ಇದು ಮೇಲು ಅನಿಸಿದ್ದು ಇಲ್ಲೇ.

ಫ್ಯಾಮಿಲಿ ಲಿಂಕ್ ಸೋಲುವುದು ಮೊದಲನೇ ಪ್ರಶ್ನೆಯಲ್ಲಿ. ಹೊತ್ತು ಮುಗಿಯುವ ಮೊದಲು ಅದು ಸೂಚನೆ ಕೊಡುತ್ತದೆ, ಆದರೆ ಅಕ್ಷರದಲ್ಲಿ. ವಿಡಿಯೋ ನೋಡುತ್ತಿರುವ ಐದು ವರ್ಷದ ಮಗು ಅದನ್ನು ಗಮನಿಸುವುದೇ ಇಲ್ಲ. ಅದಕ್ಕೆ ಅತ್ತೆ ತಮ್ಮ ಫೋನ್‌ನಲ್ಲೇ ಐದು ನಿಮಿಷ ಮುಂಚಿನ ಅಲಾರಂ ಇಟ್ಟಿದ್ದಾರೆ. ಇನ್ನೊಂದು ಉಪಾಯ ಯೂಟ್ಯೂಬ್ ಕಿಡ್ಸ್ ಒಳಗೇ ಇದೆ: ಆಟೋಪ್ಲೇ ಆಫ್ ಮಾಡುವುದು. ಆಗ ಒಂದು ವಿಡಿಯೋ ಮುಗಿದರೆ ಇನ್ನೊಂದು ತಾನಾಗಿ ಶುರುವಾಗುವುದಿಲ್ಲ. ಮಗು ತಲೆ ಎತ್ತಲು ಒಂದು ಜಾಗ ಸಿಗುತ್ತದೆ, "ಇದೇ ಕೊನೇದು" ಅಂತ ಅಜ್ಜಿ ಹೇಳಲು ಸಂದು ಸಿಗುತ್ತದೆ.

ಯೂಟ್ಯೂಬ್ ಕಿಡ್ಸ್‌ನ ಪೋಷಕರ ಸೆಟ್ಟಿಂಗ್‌ಗೆ ಹೋಗುವಾಗ ಅದು ಒಂದು ಗುಣಾಕಾರ ಕೇಳುತ್ತದೆ. ಚಿಕ್ಕವರಿಗೆ ಅದು ಬೇಲಿ ನಿಜ. ಆದರೆ ಮೂರನೇ ಕ್ಲಾಸಿನ ಅಣ್ಣನೋ ಅಕ್ಕನೋ ಆಡಲು ಬಂದರೆ, ಮಗ್ಗಿ ಬಾಯಿಪಾಠ ಇರುವ ಮಗುವಿಗೆ ಆ ಬೇಲಿ ಎಷ್ಟರದು? ಅಲ್ಲೇ ನಿಮ್ಮದೇ ಪಾಸ್‌ಕೋಡ್ ಇಡಬಹುದು, ಇಟ್ಟುಬಿಡಿ. ಜೊತೆಗೆ ವಯಸ್ಸಿನ ಹಂತ ಆರಿಸುವ ಬದಲು, ನಾವು ಒಪ್ಪಿದ ವಿಡಿಯೋ ಮತ್ತು ಚಾನೆಲ್ ಮಾತ್ರ ತೋರಿಸುವ ಆಯ್ಕೆ ತೆಗೆದುಕೊಂಡೆವು. ಆಗ ಹುಡುಕಾಟವೂ ನಿಲ್ಲುತ್ತದೆ. ಕನ್ನಡ ಕಥೆ, ಹಾಡಿನ ಚಾನೆಲ್‌ಗಳನ್ನು ಕೂತು ಆರಿಸಲು ಒಂದು ಸಂಜೆ ಬೇಕಾಯಿತು. ಆದರೆ ಅದಾದ ಮೇಲೆ ಗೊತ್ತಿಲ್ಲದ ಯಾವುದೋ ವಿಡಿಯೋ ಬಂತು ಅನ್ನುವ ಮಾತೇ ಇಲ್ಲ.

ನೀವು ಯಾವುದನ್ನೇ ಹಾಕಿ, ಮಗುವಿನ ಕೈಗೆ ಕೊಡುವ ಮೊದಲು ಸಮಯವನ್ನು ಆದಷ್ಟು ಕಡಿಮೆ ಇಟ್ಟು ನೀವೇ ಕೂತು ನೋಡಿ. ಮುಗಿಯುವಾಗ ಸದ್ದು ಬರುತ್ತದಾ? ಹೋಮ್ ಒತ್ತಿದರೆ ಎಲ್ಲಿಗೆ ಹೋಗುತ್ತದೆ? ಟ್ಯಾಬ್ ಆಫ್ ಮಾಡಿ ಆನ್ ಮಾಡಿದರೆ ಬೀಗ ಹಾಗೇ ಇದೆಯಾ? ವೈಫೈ ತೆಗೆದು ಇದನ್ನೇ ಇನ್ನೊಮ್ಮೆ ಮಾಡಿ. ಹಗಲು ಮಗುವನ್ನು ನೋಡಿಕೊಳ್ಳುವವರ ಕೈಯಲ್ಲೂ ಒಂದು ಸಲ ಮಾಡಿಸಿ.