ಪೈಲ್ವಾನನ ಮೊಣಕಾಲಿಗೆ ಮೂರು ರಿಗ್: ಕೊಂಡದ್ದು, ರಿಗಿಫೈ, ಕೈಯಾರೆ ಕಟ್ಟಿದ್ದು

ಮೊದಲೇ ಹೇಳಿಬಿಡುತ್ತೇನೆ, ಆನಿಮೇಷನ್ ಪಾತ್ರವನ್ನು ಆಡಿಸುವ ಬೋನ್‌ಗಳ ಚೌಕಟ್ಟಾದ ರಿಗ್ ವಿಷಯದಲ್ಲಿ ನನ್ನ ಓಟು ಕೈಯಾರೆ ಕಟ್ಟಿದ್ದಕ್ಕೆ. ಉಳಿದ ಎರಡನ್ನೂ ಬಳಸಿ ನೋಡಿದ ಮೇಲೆ ಹೇಳುತ್ತಿರುವ ಮಾತಿದು. ಅದರಲ್ಲಿ ಒಂದಕ್ಕೆ ಎರಡು ಸಾವಿರದ ಹತ್ತಿರ ದುಡ್ಡೂ ಕೊಟ್ಟಿದ್ದೇನೆ.

ಕೆಲಸ ಏನು ಅಂದರೆ, ಜಮಖಂಡಿ ಕಡೆಯ ಒಂದು ಜಾತ್ರೆ ಕಮಿಟಿಯವರಿಗೆ ಕುಸ್ತಿ ಪಂದ್ಯದ ಪ್ರಚಾರಕ್ಕೆ ಚಿಕ್ಕ ಆನಿಮೇಷನ್ ಬೇಕಿತ್ತು. ಪೈಲ್ವಾನ ಗರಡಿ ಮನೆಯ ಮಣ್ಣಿನಲ್ಲಿ ಬೈಠಕ್ ಹೊಡೆಯಬೇಕು, ಎದ್ದು ತೊಡೆ ತಟ್ಟಬೇಕು, ಅಷ್ಟೇ. ಇಳಕಲ್ ಸೀರೆ ಉಟ್ಟ ಅಜ್ಜಿಯಾಗಿದ್ದರೆ ಕಾಲು ಹೇಗಿದ್ದರೂ ನಡೆಯುತ್ತಿತ್ತು, ಸೀರೆ ಎಲ್ಲವನ್ನೂ ಮುಚ್ಚುತ್ತದೆ. ಲಂಗೋಟಿ ಹಾಕಿದವನದು ಹಾಗಲ್ಲ. ತೊಡೆಯಿಂದ ಹೆಬ್ಬೆರಳವರೆಗೆ ಎಲ್ಲ ಬಯಲು. ಮೊಣಕಾಲು ಒಂದು ಫ್ರೇಮ್ ಕುಣಿದರೂ ನೋಡುವವರಿಗೆ ಗೊತ್ತಾಗುತ್ತದೆ. ಅದರ ಮೇಲೆ ಬೈಠಕ್‌ನಲ್ಲಿ ಕೆಳಗೆ ಕೂರುವಾಗ ಹಿಮ್ಮಡಿ ಏಳುತ್ತದೆ. ವಿಜಯಪುರದಲ್ಲಿ ನಮ್ಮ ಓಣಿಯ ಕಾಕಾ ಒಬ್ಬರು ಹಿಂದೆ ಕುಸ್ತಿ ಆಡಿದವರು. ಅವರಿಗೆ ಮೊದಲ ಟೆಸ್ಟ್ ತೋರಿಸಿದಾಗ, "ಹಿಮ್ಮಡಿ ನೆಲಕ್ಕ ಅಂಟಿಸಿ ಯಾರ್ ಬೈಠಕ್ ಹೊಡಿತಾರೋ ತಮ್ಮಾ?" ಅಂದರು. ಹಾಗಾಗಿ ಮೊಣಕಾಲಿನ ದಿಕ್ಕು ಹಿಡಿಯುವ ಪೋಲ್ ಟಾರ್ಗೆಟ್ ಮತ್ತು ಪಾದ ಉರುಳಿಸುವ ಫುಟ್ ರೋಲ್ ಎರಡೂ ಒಟ್ಟಿಗೆ ಸರಿ ಕೆಲಸ ಮಾಡಲೇಬೇಕಿತ್ತು. ಎಲ್ಲ ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರ್‌ನಲ್ಲೇ.

ಮೊದಲು ಕೊಂಡ ರಿಗ್ ಕಥೆ. ಆನ್‌ಲೈನ್ ಅಂಗಡಿಯೊಂದರಲ್ಲಿ ಸಿಕ್ಕ ರೆಡಿ ಪಾತ್ರ, ಮೈಕಟ್ಟು ಚೆನ್ನಾಗಿತ್ತು. ನಿಂತರೆ ಚಂದ, ನಡೆದರೂ ಚಂದ. ಬೈಠಕ್‌ಗೆ ಕೂರಿಸಿದೆ. ಅರ್ಧ ಇಳಿಯುವವರೆಗೆ ಸರಿ ಇತ್ತು, ಪೂರ್ತಿ ಇಳಿದು ಹಿಮ್ಮಡಿ ಎತ್ತಿದ್ದೇ ತಡ, ಎರಡೂ ಮೊಣಕಾಲು ಪಟ್ಟನೆ ಕೆಳಗೆ ತಿರುಗಿ ನೆಲದೊಳಗೆ ಹೋದವು.

ಯಾಕೆ ಹೀಗಾಯಿತು ಅಂತ ಸ್ವಲ್ಪ ನಿಧಾನಕ್ಕೆ ನೋಡೋಣ, ಏಕೆಂದರೆ ಇಡೀ ಹೋಲಿಕೆ ನಿಂತಿರುವುದೇ ಇದರ ಮೇಲೆ. ಪಾತ್ರವನ್ನು ಪಕ್ಕದಿಂದ ನೋಡಿ, ಸೊಂಟದ ಕೀಲಿನಿಂದ ಕಾಲಗಿಣ್ಣಿಗೆ ಮನಸ್ಸಿನಲ್ಲೇ ಒಂದು ಗೆರೆ ಎಳೆಯಿರಿ. ಪೋಲ್ ಆ ಗೆರೆಯ ಯಾವ ಕಡೆ ಇದೆಯೋ ಮೊಣಕಾಲು ಆ ಕಡೆಗೇ ಮಡಚುತ್ತದೆ. ನಿಂತಾಗ ಗೆರೆ ನೆಟ್ಟಗಿರುತ್ತದೆ, ಪೋಲ್ ಮುಂದೆ ಇರುತ್ತದೆ, ತೊಂದರೆ ಇಲ್ಲ. ಬೈಠಕ್‌ನ ತಳಕ್ಕೆ ಬಂದಾಗ ಸೊಂಟ ಹಿಮ್ಮಡಿಯ ಹಿಂದಕ್ಕೆ ಇಳಿಯುತ್ತದೆ, ಗೆರೆ ಹೆಚ್ಚುಕಡಿಮೆ ಅಡ್ಡ ಮಲಗುತ್ತದೆ. ಆಗ ಆ ಗೆರೆಯನ್ನು ಮುಂದಕ್ಕೆ ಬೆಳೆಸಿದರೆ ಪೋಲ್ ಅದಕ್ಕಿಂತ ಮೇಲುಗಡೆ ಇರಬೇಕು. ಕೆಳಗಿಳಿದರೆ ಮೊಣಕಾಲೂ ಕೆಳಗೆ.

ಆ ರಿಗ್‌ನಲ್ಲಿ ಪೋಲನ್ನು ಐಕೆ ಟಾರ್ಗೆಟ್ ಬೋನ್‌ಗೆ, ಅಂದರೆ ಕಾಲಗಿಣ್ಣು ಎಲ್ಲಿರಬೇಕೆಂದು ಹೇಳಿ ಕಾಲನ್ನು ತಾನಾಗಿ ಮಡಚಿಸುವ ಬೋನ್‌ಗೆ, ಮಗು ಮಾಡಿ ಕಟ್ಟಿದ್ದರು. ಐಕೆ ಟಾರ್ಗೆಟ್ ಇರುವುದು ಫುಟ್ ರೋಲ್ ಬೋನ್‌ಗಳ ಸಾಲಿನ ಕೊನೆಯಲ್ಲಿ. ಅಂದರೆ ರೋಲ್ ತಿರುಗಿಸಿದರೆ ಅದೂ ತಿರುಗುತ್ತದೆ, ಅದರ ಜೊತೆ ಪೋಲೂ ತಿರುಗುತ್ತದೆ. ಬೆರಳ ಬುಡದ ಮೇಲೆ ಹಿಮ್ಮಡಿ ಏಳುತ್ತಿದ್ದಂತೆ ಮುಂದಿದ್ದ ಪೋಲ್ ಏತದ ತುದಿಯಂತೆ ಕೆಳಗೆ ಬಗ್ಗಿತು. ನಡೆಯುವಾಗ ಕಾಲು ಉದ್ದಕ್ಕಿರುವುದರಿಂದ ಇದು ಗೊತ್ತೇ ಆಗುವುದಿಲ್ಲ. ಮಾರುವವರ ಡೆಮೊ ವಿಡಿಯೋದಲ್ಲಿ ಬರೀ ನಡಿಗೆ ಇತ್ತು ಅಂತ ಆಮೇಲೆ ಹೊಳೆಯಿತು.

ಇದನ್ನು ಪರೀಕ್ಷಿಸಲು ಒಂದು ನಿಮಿಷ ಸಾಕು. ಪಾದದ ಮುಖ್ಯ ಕಂಟ್ರೋಲನ್ನು ಮುಟ್ಟಬೇಡಿ. ರೋಲ್ ಕಂಟ್ರೋಲನ್ನು ಮಾತ್ರ ತಿರುಗಿಸಿ, ಕಣ್ಣು ಪೋಲ್ ಮೇಲಿರಲಿ. ಪೋಲ್ ಅಲುಗಾಡಿತೋ, ಅದನ್ನು ತಪ್ಪು ಜಾಗಕ್ಕೆ ಕಟ್ಟಿದ್ದಾರೆ ಅಂತ ಅರ್ಥ. ಯಾವ ರಿಗ್ ಕೈಗೆ ಬಂದರೂ ನಾನೀಗ ಮೊದಲು ಮಾಡುವುದು ಇದನ್ನೇ.

ಸರಿ, ಪೇರೆಂಟ್ ಬದಲಿಸಿದರೆ ಮುಗೀತಲ್ವಾ? ಇಲ್ಲಿ ಮುಗಿಯಲಿಲ್ಲ. ಬೋನ್‌ಗಳ ಹೆಸರು ಅರ್ಥವಾಗದ ಕೋಡ್‌ನಂತಿದ್ದವು. ಪೋಲನ್ನು ಪಾದದ ಕಂಟ್ರೋಲ್‌ಗೆ ಕಟ್ಟಿದರೆ ತೊಡೆ ತಿರುಚಿಕೊಂಡಿತು, ಇನ್ಯಾವುದೋ ಕನ್‌ಸ್ಟ್ರೈಂಟ್ ಆ ಹಳೆಯ ಜಾಗವನ್ನೇ ನಂಬಿ ಕೂತಿತ್ತು. ಮಾರಿದವರಿಗೆ ಬರೆದೆ, ಉತ್ತರ ಬರಲಿಲ್ಲ.

ರಿಗಿಫೈ ವಿಷಯ ಬೇರೆ. ಅದು ರಿಗ್ಗನ್ನು ತಾನಾಗಿ ಕಟ್ಟಿಕೊಡುವ ಆಡ್-ಆನ್, ಬ್ಲೆಂಡರ್ ಜೊತೆಗೇ ಬರುತ್ತದೆ, ಖರ್ಚಿಲ್ಲ, `Preferences`ನಲ್ಲಿ ಆನ್ ಮಾಡಿದರಾಯಿತು. ಮೆಟಾ ರಿಗ್ ಬೋನ್‌ಗಳನ್ನು ಪಾತ್ರಕ್ಕೆ ಹೊಂದಿಸಿ ಜನರೇಟ್ ಮಾಡಿದರೆ ಕಾಲು ತಯಾರು. ಬೈಠಕ್‌ನಲ್ಲಿ ಮೊಣಕಾಲು ಹಾರಲಿಲ್ಲ. ಹಿಮ್ಮಡಿ ಎತ್ತಲು `foot_heel_ik.L` ಇದೆ, ಅದನ್ನು ತಿರುಗಿಸಿದರೆ ಪಾದ ಹಿಂದೆ ಮುಂದೆ ಉರುಳುತ್ತದೆ. ಮೆಟಾ ರಿಗ್‌ನಲ್ಲಿ ಪಾದದ ಕೆಳಗೆ ಅಡ್ಡಕ್ಕೆ ಇರುವ ಪುಟ್ಟ ಹಿಮ್ಮಡಿ ಬೋನನ್ನು ಮಾತ್ರ ಸರಿಯಾಗಿ ನೆಲಕ್ಕೆ ತಾಗಿಸಿ ಇಡಬೇಕು. ಅದು ತಪ್ಪಿದರೆ ಪಾದ ಗಾಳಿಯಲ್ಲಿ ಉರುಳುತ್ತದೆ.

ಪೋಲ್ ಎಲ್ಲಿ ಅಂತ ಹುಡುಕುವವರಿಗೆ ಒಂದು ಮಾತು. ರಿಗಿಫೈ ಕಾಲಿಗೆ ಮೊದಲಿಗೆ ಪೋಲ್ ಕೆಲಸ ಮಾಡುವುದಿಲ್ಲ, ತೊಡೆಯ ಬಳಿಯ `thigh_ik.L` ತಿರುಗಿಸಿ ಮೊಣಕಾಲಿನ ದಿಕ್ಕು ಬದಲಿಸಬೇಕು. ಪಕ್ಕದ ಪ್ಯಾನೆಲ್‌ನಲ್ಲಿ ಪೋಲ್ ಆಯ್ಕೆ ಆನ್ ಮಾಡಿದ ಮೇಲೆ `thigh_ik_target.L` ಕೆಲಸಕ್ಕೆ ಬರುತ್ತದೆ.

ಹಾಗಿದ್ದರೆ ರಿಗಿಫೈ ಯಾಕೆ ಬೇಡ? ನನ್ನ ಲ್ಯಾಪ್‌ಟಾಪ್ ಹಳೆಯದು. ನೂರಾರು ಬೋನ್ ಇರುವ ರಿಗ್ ಎರಡು ಇಟ್ಟರೆ ಪ್ಲೇಬ್ಯಾಕ್ ತೆವಳುತ್ತದೆ, ಕುಸ್ತಿಗೆ ಇಬ್ಬರಾದರೂ ಬೇಕಲ್ಲ. ಇನ್ನೊಂದು, ಜನರೇಟ್ ಆದ ರಿಗ್‌ಗೆ ಕೈ ಹಾಕಿ ಏನಾದರೂ ಬದಲಿಸಿದರೆ ಮತ್ತೆ ಜನರೇಟ್ ಮಾಡಿದಾಗ ಅದು ಹೋಗುತ್ತದೆ. ಐಕೆ ಮತ್ತು ಒಂದೊಂದು ಬೋನನ್ನೂ ಕೈಯಿಂದಲೇ ತಿರುಗಿಸುವ ಎಫ್‌ಕೆ ನಡುವೆ ಸಲೀಸಾಗಿ ಬದಲಾಗುವುದು ಅದರ ದೊಡ್ಡ ಲಾಭ, ಆದರೆ ಪಾದ ನೆಲದಲ್ಲೇ ಊರಿರುವ ಬೈಠಕ್‌ಗೆ ನನಗದು ಬೇಕಾಗಲಿಲ್ಲ.

ಇನ್ನು ನನ್ನದು. ಮೈಗಂಟುವ ಬೋನ್ ನಾಲ್ಕೇ: `thigh.L`, `shin.L`, `foot.L`, `toe.L`. ಎಡಿಟ್ ಮೋಡ್‌ನಲ್ಲಿ ಮೊಣಕಾಲನ್ನು ಚೂರು ಮುಂದಕ್ಕೆ ಬಗ್ಗಿಸಿಯೇ ಇಡಬೇಕು. ಐಕೆ ಕನ್‌ಸ್ಟ್ರೈಂಟ್ `shin.L` ಮೇಲೆ, `Chain Length` 2. ಅದನ್ನು ಸೊನ್ನೆಯಾಗಿಯೇ ಬಿಟ್ಟರೆ ಸೊಂಟವನ್ನೂ ಎಳೆದುಕೊಂಡು ಹೋಗುತ್ತದೆ.

ಕೈಯಾರೆ ಕಟ್ಟುವಾಗ ಕಾಡುವುದು `Pole Angle`. ಪೋಲ್ ಕೊಟ್ಟ ತಕ್ಷಣ ಕಾಲು ಪಕ್ಕಕ್ಕೆ ತಿರುಗಿ ನಿಲ್ಲುತ್ತದೆ. ಎಲ್ಲರೂ 90 ಇಲ್ಲವೇ -90 ಹಾಕಿ ನೋಡು ಅನ್ನುತ್ತಾರೆ. ಹಾಕಿದರೂ ಪೈಲ್ವಾನನ ಕಾಲು ನಾಲ್ಕೈದು ಡಿಗ್ರಿ ಓರೆಯಾಗಿಯೇ ಉಳಿಯುತ್ತದೆ. ಕಾರಣ, ಅವನು ಕಾಲಗಲಿಸಿ ನಿಂತಿದ್ದಾನೆ, ಮೊಣಕಾಲು ಚೂರು ಹೊರಕ್ಕೆ ನೋಡುತ್ತಿದೆ. ಪೋಲನ್ನು ನೇರ ಮುಂದಕ್ಕೆ ಇಟ್ಟರೆ ಅದು ಸೊಂಟ, ಮೊಣಕಾಲು, ಕಾಲಗಿಣ್ಣು ಮೂರೂ ಕೂಡಿರುವ ಸಮತಲದಿಂದ ಹೊರಗೆ ಬೀಳುತ್ತದೆ.

ಇದಕ್ಕೆ ಅಂದಾಜು ಬೇಡ, ಕರ್ಸರ್ ಸಾಕು. ಎಡಿಟ್ ಮೋಡ್‌ನಲ್ಲಿ ತೊಡೆಯ ಮೇಲ್ತುದಿ ಮತ್ತು ಕಣಕಾಲಿನ ಕೆಳತುದಿ ಎರಡನ್ನೂ ಹಿಡಿದು, Shift+S ಒತ್ತಿ ಕರ್ಸರನ್ನು ಅವುಗಳ ನಡುವೆ ತನ್ನಿ. ಅಲ್ಲೊಂದು ಹೊಸ ಬೋನ್ ಹಾಕಿ, ಅದರ ತುದಿಯನ್ನು ಮೊಣಕಾಲಿಗೆ ಸೇರಿಸಿ. ಆ ಬೋನ್ ಈಗ ಮೊಣಕಾಲು ನೋಡುವ ದಿಕ್ಕನ್ನೇ ನೋಡುತ್ತಿದೆ. ಅದೇ ದಿಕ್ಕಿನಲ್ಲಿ ಸುಮಾರು ಒಂದು ಕಾಲುದ್ದ ಮುಂದಕ್ಕೆ ಎಳೆದು, ಪೋಲನ್ನು ಅಲ್ಲಿಡಿ. ಆಮೇಲೆ ಕರ್ಸರನ್ನು ಪೋಲ್ ಮೇಲಿಟ್ಟು, ತೊಡೆ ಮತ್ತು ಕಣಕಾಲಿನ ಬೋನ್ ಹಿಡಿದು, Shift+N ಒತ್ತಿ `Cursor` ಆರಿಸಿ. ಎರಡೂ ಬೋನ್‌ಗಳ Z ಅಕ್ಷ ಪೋಲ್ ಕಡೆಗೆ ತಿರುಗುತ್ತದೆ. `Pole Angle` ಎಣಿಕೆ X ಅಕ್ಷದಿಂದ ಆಗುವುದರಿಂದ, ಈಗ ಬೇಕಾದ ಕೋನ ಸರಿಯಾಗಿ 90 ಅಥವಾ -90. ನಡುವೆ ಏನೂ ಇಲ್ಲ.

ಸರಿಯಾಯಿತೇ ಎಂದು ನೋಡಲು ಕನ್‌ಸ್ಟ್ರೈಂಟ್‌ನ `Influence` ಅನ್ನು 0ಯಿಂದ 1ಕ್ಕೆ ಎಳೆಯಿರಿ. ಕಾಲು ಒಂದು ಕೂದಲಷ್ಟೂ ಅಲುಗಬಾರದು. ಬಲಗಾಲಿಗೂ ಇದೇ ಪರೀಕ್ಷೆ ಮಾಡಿ, ಎಡಗಾಲು ಸರಿ ಇದೆ ಅಂತ ಸುಮ್ನೆ ಬಿಡಬೇಡಿ.

ಫುಟ್ ರೋಲ್ ಸಾಲು ಹೀಗಿದೆ. ಪಾದದ ಕಂಟ್ರೋಲ್ `foot_ctrl.L`. ಅದರ ಕೆಳಗೆ ಹಿಮ್ಮಡಿಯಲ್ಲಿ ತಿರುಗುವ `heel_roll.L`, ಅದರ ಕೆಳಗೆ ಬೆರಳ ತುದಿಯಲ್ಲಿ ತಿರುಗುವ `tip_roll.L`, ಅದರ ಕೆಳಗೆ ಬೆರಳ ಬುಡದಲ್ಲಿ ತಿರುಗುವ `ball_roll.L`. `foot.L` ಬೋನಿನ ನಕಲೊಂದನ್ನು ಕೊನೆಯದಕ್ಕೆ ಕಟ್ಟಿದ್ದೇನೆ. ಐಕೆ ಟಾರ್ಗೆಟ್ ಅದೇ, `foot.L` ತನ್ನ ತಿರುವನ್ನು `Copy Rotation` ಮೂಲಕ ಅದರಿಂದಲೇ ಪಡೆಯುತ್ತದೆ. `toe.L` ಬೋನಿನ ನಕಲನ್ನು ಮಾತ್ರ `tip_roll.L`ಗೆ ಕಟ್ಟಬೇಕು. `ball_roll.L`ಗೆ ಕಟ್ಟಿದರೆ ಹಿಮ್ಮಡಿ ಎದ್ದಾಗ ಬೆರಳು ಮಣ್ಣಿನೊಳಗೆ ಹೋಗುತ್ತದೆ. ಪೋಲ್ ಇರುವುದು `foot_ctrl.L`ಗೆ. ಪಾದ ಸರಿದರೆ ಬರುತ್ತದೆ, ರೋಲ್‌ಗೆ ಅಲುಗುವುದಿಲ್ಲ.

ಮೂರು ರೋಲ್ ಬೋನನ್ನೂ ಒಂದೇ ಕಂಟ್ರೋಲ್‌ನಿಂದ ನಡೆಸಲು ಅವುಗಳ X ತಿರುವಿಗೆ ಡ್ರೈವರ್ ಹಾಕಿದ್ದೇನೆ. `var` ಅಂದರೆ ರೋಲ್ ಕಂಟ್ರೋಲ್‌ನ ಲೋಕಲ್ X ತಿರುವು:

```
heel_roll:  min(var, 0)
ball_roll:  max(0, min(var, radians(60)))
tip_roll:   max(0, var - radians(60))
```

ನಡಿಗೆಗೆ 60ರ ಜಾಗದಲ್ಲಿ 40 ಸಾಕು. ಬೈಠಕ್‌ನಲ್ಲಿ ಹಿಮ್ಮಡಿ ಜಾಸ್ತಿ ಏಳುತ್ತದೆ, 40ಕ್ಕೇ ನಿಲ್ಲಿಸಿದರೆ ಅವನು ಬ್ಯಾಲೆ ಕುಣಿಯುವವರಂತೆ ಬೆರಳ ತುದಿಗೆ ಹೋಗಿಬಿಡುತ್ತಾನೆ. ಬೋನ್‌ಗಳು ಹುಟ್ಟುವುದೇ ಕ್ವಾಟರ್ನಿಯನ್ ಮೋಡ್‌ನಲ್ಲಿ, ಆ ಮೂರನ್ನೂ `XYZ Euler`ಗೆ ಬದಲಿಸದಿದ್ದರೆ ಡ್ರೈವರ್ ಇದ್ದೂ ಏನೂ ನಡೆಯುವುದಿಲ್ಲ. ತಿರುವು ಉಲ್ಟಾ ಬಂದರೆ ಎಡಿಟ್ ಮೋಡ್‌ನಲ್ಲಿ ಆ ಬೋನ್‌ಗಳ `Roll` ಕೋನ ನೋಡಿ.

ಇದಕ್ಕೂ ಕೊರತೆ ಇದೆ. ಪಾದ ಪಕ್ಕಕ್ಕೆ ವಾಲುವುದಿಲ್ಲ. ಪಾದವನ್ನು ಹೊರಕ್ಕೆ ತಿರುಗಿಸಿದಷ್ಟೂ ಮೊಣಕಾಲು ತಿರುಗುತ್ತದೆ, ಪೋಲನ್ನು ಕೈಯಿಂದ ಹಿಂದಕ್ಕೆ ತರಬೇಕು. ಎದ್ದು ನಿಲ್ಲುವಾಗ ಕಾಲು ಪೂರ್ತಿ ನೆಟ್ಟಗಾದರೆ ಮೊಣಕಾಲು ಗಕ್ಕನೆ ಸೆಟೆಯುತ್ತದೆ, ಅದಕ್ಕೆ ಸೊಂಟವನ್ನು ಚೂರು ಕೆಳಗೇ ನಿಲ್ಲಿಸುತ್ತೇನೆ. ಈ ಮೂರನೆಯದು ಯಾವ ಐಕೆ ಕಾಲಿನಲ್ಲೂ ಇರುವ ಕಾಟ.

ಹತ್ತಾರು ಪಾತ್ರ ಮಾಡುವವರು, ಗಟ್ಟಿ ಕಂಪ್ಯೂಟರ್ ಇರುವವರು ರಿಗಿಫೈ ಹಿಡಿಯಲಿ. ನನ್ನ ಹಾಗೆ ಒಂದೆರಡು ಪಾತ್ರ, ಹಳೆ ಲ್ಯಾಪ್‌ಟಾಪ್, ಕಮಿಟಿಯವರು ಕೊಟ್ಟಷ್ಟು ದುಡ್ಡು ಅನ್ನುವವರು ಕಟ್ಟಿಕೊಳ್ಳುವುದೇ ಲೇಸು. ಕೊಂಡ ಪಾತ್ರವನ್ನು ಎಸೆಯಲಿಲ್ಲ. ಅದರ ಬೋನ್ ಎಲ್ಲ ಅಳಿಸಿ, ಆ ಮೈಗೆ ನನ್ನ ಕಾಲು ಹಾಕಿದ್ದೇನೆ, ಎದುರಾಳಿ ಪೈಲ್ವಾನ ಅವನೇ.