ಮಂಜೂರಾತಿ ಮಿತಿ ಇತ್ತು, ಆದರೂ 1,660 ಪೆಟ್ಟಿಗೆಗಳು ಕಾಣೆಯಾದವು

ಬದಿಯಡ್ಕ ಸಮೀಪದ ಅಡಿಕೆ ಹಾಳೆ ತಟ್ಟೆ ತಯಾರಿಸುವ ಘಟಕವೊಂದರಲ್ಲಿ ನಾನು ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೆ. ಪೂರೈಕೆದಾರರ ಬಿಲ್ಲುಗಳನ್ನು ಯಾರು ಮಂಜೂರು ಮಾಡಬೇಕೆಂಬ ನಿಯಮವನ್ನು ಬರೆದವನೂ ನಾನೇ. 25,000 ರೂಪಾಯಿವರೆಗಿನ ಬಿಲ್ಲಿಗೆ ವ್ಯವಸ್ಥಾಪಕರು, ಒಂದು ಲಕ್ಷದವರೆಗೆ ಒಬ್ಬ ಪಾಲುದಾರರು, ಅದಕ್ಕೆ ಮೇಲ್ಪಟ್ಟರೆ ಇಬ್ಬರು ಪಾಲುದಾರರು ಒಪ್ಪಬೇಕಿತ್ತು. ಸರಕು ಇಳಿಸಿಕೊಂಡು ಸ್ವೀಕೃತಿ ಚೀಟಿ ಬರೆಯುವ ಕೆಲಸ ಉಗ್ರಾಣದವರದು. ನೋಡುವುದಕ್ಕೆ ಎಲ್ಲವೂ ಸರಿಯಾಗಿಯೇ ಇತ್ತು. ಇಂಥದ್ದೇ ನಿಯಮ ಇಟ್ಟುಕೊಂಡಿರುವ ಸಣ್ಣ ಘಟಕಗಳು ನಮ್ಮ ಕಡೆ ಹಲವಿರುವುದರಿಂದ, ಅದು ಎಲ್ಲಿ ಮುರಿಯಿತೆಂದು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಮಳೆಗಾಲದಲ್ಲಿ ವ್ಯವಸ್ಥಾಪಕರು ಚಿಕಿತ್ಸೆಗೆಂದು ಹನ್ನೆರಡು ದಿನ ರಜೆ ಹಾಕಿದರು. ಪಾವತಿ ನಿಲ್ಲಬಾರದೆಂದು ಅವರ ಮಂಜೂರಾತಿ ಅಧಿಕಾರವನ್ನು ಉಗ್ರಾಣ ನೋಡುವವರಿಗೆ ವಹಿಸಲಾಯಿತು. ಆ ದಿನಗಳಲ್ಲಿ ರಟ್ಟಿನ ಪೆಟ್ಟಿಗೆ ಪೂರೈಸುವವರೊಬ್ಬರಿಂದ ಆರು ಬಿಲ್ಲುಗಳು ಬಂದವು. ಒಂದೊಂದೂ 23,780 ರಿಂದ 24,805 ರೂಪಾಯಿಯ ನಡುವಿನದು, ಒಟ್ಟು 1,46,370. ತೆರಿಗೆ ಸೇರಿ ಪೆಟ್ಟಿಗೆಯೊಂದಕ್ಕೆ 41 ರೂಪಾಯಿಯಂತೆ 3,570 ಪೆಟ್ಟಿಗೆಗಳ ಲೆಕ್ಕ. ಒಂದೇ ಬಿಲ್ಲಾಗಿ ಬಂದಿದ್ದರೆ ಇಬ್ಬರು ಪಾಲುದಾರರೂ ನೋಡಲೇಬೇಕಾಗಿದ್ದ ಖರೀದಿಯು ಯಾರ ಕಣ್ಣಿಗೂ ಬೀಳದೆ ಪಾವತಿಯಾಯಿತು.

ಮರುತಿಂಗಳ ಕೊನೆಗೆ ದಾಸ್ತಾನು ಎಣಿಸಿದಾಗ ವಿಷಯ ಹೊರಬಿತ್ತು. ಆರಂಭದಲ್ಲಿ 210 ಪೆಟ್ಟಿಗೆಗಳಿದ್ದವು, ಬಳಕೆಯಾದದ್ದು 1,480. ಹಾಗಾಗಿ 2,300 ಉಳಿದಿರಬೇಕಿತ್ತು. ಸಿಕ್ಕಿದ್ದು 640. ಕೊರತೆ 1,660 ಪೆಟ್ಟಿಗೆ, ಅಂದರೆ 68,060 ರೂಪಾಯಿ. ಅನಂತರ ಆರು ಸ್ವೀಕೃತಿ ಚೀಟಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ನೋಡಿದೆ. ಬೇರೆ ಬೇರೆ ದಿನಾಂಕಗಳಿದ್ದರೂ ಎಲ್ಲವೂ ಒಂದೇ ಶಾಯಿಯಲ್ಲಿ, ಒಂದೇ ಓಟದಲ್ಲಿ ಬರೆದಂತಿದ್ದವು. ಮೂರರಲ್ಲಿ ವಾಹನ ಸಂಖ್ಯೆಯ ಜಾಗ ಖಾಲಿಯಾಗಿತ್ತು. ಚೀಟಿ ಬರೆದ ಕೈಯೇ ಬಿಲ್ಲನ್ನೂ ಮಂಜೂರು ಮಾಡಿತ್ತು. ಬಿಲ್ಲುಗಳೆಲ್ಲ ಜಿಎಸ್‌ಟಿಆರ್-2ಬಿ ಪಟ್ಟಿಯಲ್ಲಿ ಇದ್ದುದರಿಂದ ನಾನು ನೆಮ್ಮದಿಯಿಂದಿದ್ದೆ. ಆ ಪಟ್ಟಿ ಹೇಳುವುದು ಪೂರೈಕೆದಾರರು ಮಾರಾಟ ತೋರಿಸಿದ್ದಾರೆಂಬುದನ್ನು ಮಾತ್ರ, ಸರಕು ನಮ್ಮ ಬಾಗಿಲಿಗೆ ಬಂದಿತೆಂಬುದನ್ನಲ್ಲ.

ನಮ್ಮ ತಂತ್ರಾಂಶವು ತಡೆಯಲಿಲ್ಲವೇಕೆಂದರೆ, ಅದು ವ್ಯಕ್ತಿಯನ್ನು ನೋಡದೆ ಹುದ್ದೆಯನ್ನು ಮಾತ್ರ ನೋಡುತ್ತಿತ್ತು. 'ಉಗ್ರಾಣ' ಮತ್ತು 'ವ್ಯವಸ್ಥಾಪಕ' ಎಂಬ ಎರಡು ಬೇರೆ ಹುದ್ದೆಗಳಿಂದ ಒಪ್ಪಿಗೆ ಬಂದಿದ್ದರೆ ಅದಕ್ಕೆ ಸಾಕಿತ್ತು. ಎರಡೂ ಕಡೆ ಇದ್ದದ್ದು ಒಬ್ಬರೇ ಎಂಬುದು ಅದಕ್ಕೆ ತಿಳಿಯುತ್ತಿರಲಿಲ್ಲ. ಆದ್ದರಿಂದ ಆ ಬಿಲ್ಲಿನ ಆದೇಶ, ಸ್ವೀಕೃತಿ ಅಥವಾ ನಮೂದನ್ನು ಮಾಡಿದ ಬಳಕೆದಾರರು ಯಾವ ಅಧಿಕಾರದಲ್ಲಿ ಬಂದರೂ ಅದನ್ನು ಮಂಜೂರು ಮಾಡಲಾಗದಂತೆ ತಡೆಯಬೇಕು. ರಜೆಯ ಅಧಿಕಾರವನ್ನು ಕೆಳಗಿನವರಿಗೆ ಎಂದೂ ಇಳಿಸಬೇಡಿ. ಅದು ಮೇಲೆ ಪಾಲುದಾರರಿಗೇ ಹೋಗಲಿ, ಮುಗಿಯುವ ದಿನಾಂಕವನ್ನೂ ಮೊದಲೇ ನಮೂದಿಸಿ. ಪಾಲುದಾರರಿಗೆ ಹನ್ನೆರಡು ದಿನ ತುಸು ತೊಂದರೆಯಾಗುತ್ತದೆ, ನಿಜ. ಅವರಿಗೆ ಅದನ್ನು ಆಗಲೇ ಹೇಳುವ ಧೈರ್ಯ ನನಗಿರಬೇಕಿತ್ತು.

ಎರಡನೆಯ ಬಿರುಕು ಮಿತಿಯಲ್ಲೇ ಇತ್ತು. ಬಿಲ್ಲಿಗೊಂದು ಮಿತಿ ಇಟ್ಟರೆ ಬಿಲ್ಲನ್ನು ಒಡೆದರೆ ಸಾಕು. ಒಬ್ಬ ಪೂರೈಕೆದಾರರ ಮೂವತ್ತು ದಿನಗಳ ಒಟ್ಟು ಮೊತ್ತವನ್ನು ಮಿತಿಯೊಡನೆ ಹೋಲಿಸಬೇಕು. ಇಲ್ಲಿ ಗಡಿನಾಡಿನವರು ವಿಶೇಷವಾಗಿ ಗಮನಿಸಬೇಕಾದದ್ದೊಂದಿದೆ: ಆರರಲ್ಲಿ ನಾಲ್ಕು ಬಿಲ್ಲುಗಳು ಕಾಸರಗೋಡಿನ ವಿಳಾಸದವು, ಎರಡು ಮಂಗಳೂರಿನವು. ಜಿಎಸ್‌ಟಿ ಸಂಖ್ಯೆ ಒಂದರಲ್ಲಿ 32 ರಿಂದ, ಇನ್ನೊಂದರಲ್ಲಿ 29 ರಿಂದ ಆರಂಭವಾಗುತ್ತಿದ್ದುದರಿಂದ ನಮ್ಮ ಖಾತೆಯಲ್ಲಿ ಅವರು ಇಬ್ಬರು ಪೂರೈಕೆದಾರರಾಗಿದ್ದರು. ಆ ಸಂಖ್ಯೆಯ ಮೂರನೆಯದರಿಂದ ಹನ್ನೆರಡನೆಯವರೆಗಿನ ಅಕ್ಷರಗಳು ಪ್ಯಾನ್ ಸಂಖ್ಯೆಯೇ ಆಗಿದ್ದು, ಎರಡರಲ್ಲೂ ಒಂದೇ ಇದ್ದವು. ಈಗ ನಾನು ಸ್ಪ್ರೆಡ್‌ಶೀಟಿನಲ್ಲಿ ಎ ಅಂಕಣದಲ್ಲಿ ಜಿಎಸ್‌ಟಿ ಸಂಖ್ಯೆ, ಸಿ ಅಂಕಣದಲ್ಲಿ ದಿನಾಂಕ, ಇ ಅಂಕಣದಲ್ಲಿ ಮೊತ್ತ ಇಟ್ಟು, ಮೊದಲ ಸೂತ್ರವನ್ನು ಬಿ ಅಂಕಣದಲ್ಲಿ, ಎರಡನೆಯದನ್ನು ಎಫ್ ಅಂಕಣದಲ್ಲಿ ಹಾಕುತ್ತೇನೆ:

```
=MID(A2,3,10)
=SUMIFS(E:E,B:B,B2,C:C,">"&C2-30,C:C,"<="&C2)
```

ಎಫ್ ಅಂಕಣದಲ್ಲಿ ಬರುವ ಮೊತ್ತವೇ ಯಾರು ಮಂಜೂರು ಮಾಡಬೇಕೆಂಬುದನ್ನು ನಿರ್ಧರಿಸುತ್ತದೆ. ಹಾಳೆ ತಂದುಕೊಡುವ ಕೃಷಿಕರಿಗೆ ಜಿಎಸ್‌ಟಿ ಸಂಖ್ಯೆ ಇರುವುದಿಲ್ಲ. ಅವರ ಸಾಲಿನಲ್ಲಿ ಬಿ ಅಂಕಣಕ್ಕೆ ಬ್ಯಾಂಕ್ ಖಾತೆಯ ಸಂಖ್ಯೆಯನ್ನು, ಅದರ ಮುಂದೆ A ಎಂಬ ಅಕ್ಷರ ಸೇರಿಸಿ ನಮೂದಿಸುತ್ತೇನೆ; ಬರೀ ಅಂಕಿಗಳಿದ್ದರೆ ಸೂತ್ರವು ಮೊದಲ ಹದಿನೈದು ಅಂಕಿಗಳನ್ನಷ್ಟೇ ಹೋಲಿಸಬಹುದು. ಒಬ್ಬರೇ ಪೂರೈಕೆದಾರರ ಬಿಲ್ಲುಗಳ ಕ್ರಮಸಂಖ್ಯೆ ನಡುವೆ ಬಿಡುವಿಲ್ಲದೆ ಬಂದರೆ, ಅವರಿಗೆ ಆ ದಿನಗಳಲ್ಲಿ ಬೇರೆ ಗಿರಾಕಿಯೇ ಇರಲಿಲ್ಲವೇ ಎಂದು ವಿಚಾರಿಸುತ್ತೇನೆ. ಕಾಸರಗೋಡಿನ ಆ ನಾಲ್ಕು ಬಿಲ್ಲುಗಳ ಸಂಖ್ಯೆಗಳು ಹಾಗೆಯೇ ಒಂದರ ಹಿಂದೆ ಒಂದು ಇದ್ದವು.

ಇಷ್ಟೆಲ್ಲ ಮಾಡಿದರೂ ಉಗ್ರಾಣದವರು ಎಣಿಕೆಯಲ್ಲೇ ಸುಳ್ಳು ಬರೆದರೆ ಬಿಲ್ಲು ಸರಿಯೆಂದೇ ಕಾಣುತ್ತದೆ. ಅದಕ್ಕಾಗಿ ಸರಕು ಇಳಿಸಿದ ಕೆಲಸಗಾರರೊಬ್ಬರ ಸಹಿಯೂ ವಾಹನ ಸಂಖ್ಯೆಯೂ ಇಲ್ಲದ ಚೀಟಿಯನ್ನು ಈಗ ನಾನು ನಮೂದಿಸುವುದಿಲ್ಲ, ಹಿಂದಕ್ಕೆ ಕಳುಹಿಸುತ್ತೇನೆ.