ಒಡೆದ ಮಾಲು ವಾಪಸ್ ತರಿಸುವಾಗ ಈ ಕೊರಿಯರ್ ಪ್ಯಾನೆಲ್ ಹೇಗಿದೆ?

ನಾನು ಆನ್‌ಲೈನ್‌ನಲ್ಲಿ ಟೇಬಲ್ ಲ್ಯಾಂಪ್ ಮಾರುತ್ತೇನೆ. ಹಲವು ಕೊರಿಯರ್‌ಗಳನ್ನು ಒಂದೇ ಕಡೆ ಬುಕ್ ಮಾಡಿಸುವ ಪ್ಯಾನೆಲ್ ಒಂದನ್ನು ವರ್ಷಗಳಿಂದ ಬಳಸುತ್ತಿದ್ದೇನೆ. ಪಾರ್ಸೆಲ್ ಕಳಿಸಲು ಇದು ಚೆನ್ನಾಗಿದೆ. ಆದರೆ ಒಡೆದ ಮಾಲನ್ನು ವಾಪಸ್ ತರಿಸುವಾಗ ಹುಷಾರಾಗಿರಬೇಕು.

ಇತ್ತೀಚೆಗೆ ಒಬ್ಬರಿಗೆ ಲ್ಯಾಂಪಿನ ಪಿಂಗಾಣಿ ಬುಡ ಬಿರುಕು ಬಿಟ್ಟು ತಲುಪಿತ್ತು. ಮೊದಲು ಫೋಟೋ ಕೇಳಿದೆ: ಡಬ್ಬದ ಹೊರಭಾಗ, ಅದರ ಮೇಲಿನ ಲೇಬಲ್, ಒಳಗಿನ ಪ್ಯಾಕಿಂಗ್, ಆಮೇಲೆ ಬಿರುಕು. ಬರೀ ಬಿರುಕಿನ ಫೋಟೋ ಇದ್ದರೆ ಕೊರಿಯರ್‌ನವರು ಪರಿಹಾರ ಕೊಡಲು ತಕರಾರು ಮಾಡುತ್ತಾರೆ. ಡಬ್ಬ ಎಸೆಯಬೇಡಿ ಎಂದೂ ಆಗಲೇ ಹೇಳಿಬಿಟ್ಟೆ. ಗ್ರಾಹಕರು ಬೇರೆ ದೊಡ್ಡ ಡಬ್ಬಕ್ಕೆ ತುಂಬಿದರೆ ಅಳತೆಯ ಲೆಕ್ಕದಲ್ಲಿ ನಮಗೆ ಜಾಸ್ತಿ ಬಿಲ್ ಬರುತ್ತದೆ.

ಹೊಸದನ್ನು ಕೊಟ್ಟು ಹಳೆಯದನ್ನು ಅದೇ ಭೇಟಿಯಲ್ಲಿ ಒಯ್ಯುವ ಎಕ್ಸ್‌ಚೇಂಜ್ ಸೌಲಭ್ಯ ಆ ವಿಳಾಸಕ್ಕೆ ಇರಲಿಲ್ಲ. ಹಾಗಾಗಿ ರಿವರ್ಸ್ ಪಿಕಪ್ ಬೇರೆ, ಹೊಸ ಲ್ಯಾಂಪಿನ ಆರ್ಡರ್ ಬೇರೆ ಬುಕ್ ಮಾಡಿದೆ.

ಪಿಕಪ್‌ಗೆ ಬಂದ ಹುಡುಗ ಮಾಲು ನೋಡಿ ತೆಗೆದುಕೊಳ್ಳದೆ ಹೋದ. ಕಾರಣ ಸರಳ. ಈ ಪ್ಯಾನೆಲ್‌ನಲ್ಲಿ ವಾಪಸ್ ಬುಕ್ ಮಾಡಿದರೆ ಬಾಗಿಲಲ್ಲೇ ಕ್ವಾಲಿಟಿ ಚೆಕ್ ಮಾಡುವ ಆಯ್ಕೆ ತಾನಾಗಿಯೇ ಆನ್ ಆಗುತ್ತದೆ. ಹುಡುಗನ ಆ್ಯಪ್‌ನಲ್ಲಿ 'ವಸ್ತು ಹಾಳಾಗಿಲ್ಲ ತಾನೆ?' ಎಂಬ ಪ್ರಶ್ನೆ ಬರುತ್ತದೆ. ಹಾಳಾಗಿದೆ ಎಂದು ಒತ್ತಿದರೆ ಪಿಕಪ್ ರದ್ದು. ನಾವು ತರಿಸುತ್ತಿರುವುದೇ ಹಾಳಾದದ್ದನ್ನು, ಅಲ್ವಾ? ಬುಕ್ ಮಾಡುವಾಗ 'ಹಾಳಾಗಿದೆ' ಎಂಬ ಕಾರಣ ಆರಿಸಿದ್ದರೂ ಚೆಕ್ ತಾನಾಗಿ ಆಫ್ ಆಗುವುದಿಲ್ಲ. ಅದನ್ನು ನಾವೇ ತೆಗೆಯಬೇಕು. ಇಷ್ಟು ವರ್ಷವಾದರೂ ಇದನ್ನು ಸರಿಪಡಿಸದಿರುವುದು ನನಗೆ ತುಂಬಾ ಬೇಸರ.

ಇನ್ನೊಂದು ತೊಂದರೆಯೂ ಇದೆ. ಮತ್ತೆ ಬುಕ್ ಮಾಡಿದರೆ ಟ್ರ್ಯಾಕಿಂಗ್ ನಂಬರ್ ಬದಲಾಗುತ್ತದೆ, ಆದರೆ ಗ್ರಾಹಕರಿಗೆ ಮೆಸೇಜ್ ಹೋಗುವುದಿಲ್ಲ. ಅವರು ಹಳೆಯ ನಂಬರ್ ಹಿಡಿದುಕೊಂಡು ಸುಮ್ನೆ ಕಾಯುತ್ತಾರೆ. ಹೊಸ ನಂಬರ್ ಅನ್ನು ನಾನೇ ಕಳಿಸುತ್ತೇನೆ. 'ಗ್ರಾಹಕರು ಸಿಗಲಿಲ್ಲ' ಎಂಬ ಸ್ಟೇಟಸ್ ಬಂದರೆ ಕೂಡಲೇ ಫೋನ್ ಮಾಡಿ, ಯಾರಾದರೂ ಬಂದಿದ್ದರಾ, ಕರೆ ಬಂದಿತ್ತಾ ಎಂದು ಕೇಳುತ್ತೇನೆ. ಎರಡೂ ಇಲ್ಲವೆಂದರೆ ಆ ಸ್ಟೇಟಸ್ ಸುಳ್ಳು ಎಂದು ಅದೇ ದಿನ ದೂರು ಹಾಕುತ್ತೇನೆ. ದೂರಿಗೆ ಇವರ ಸಪೋರ್ಟ್‌ನವರು ಬೇಗ ಸ್ಪಂದಿಸುತ್ತಾರೆ, ಅದನ್ನು ಮೆಚ್ಚಲೇಬೇಕು.

ಹಳೆಯ ಮಾಲು ನನ್ನ ಕೈ ಸೇರುವವರೆಗೆ ಹೊಸದನ್ನು ತಡೆದಿಡುವುದಿಲ್ಲ. ಪಿಕಪ್ ಸ್ಕ್ಯಾನ್ ಆದ ಕೂಡಲೇ ಕಳಿಸುತ್ತೇನೆ. ಗಾಜಿನ ಶೇಡ್ ಚೂರಾಗಿದ್ದರೆ ಪಿಕಪ್ಪೇ ಬುಕ್ ಮಾಡುವುದಿಲ್ಲ. ಫೋಟೋ ನೋಡಿ ಹೊಸ ಶೇಡ್ ಮಾತ್ರ ಕಳಿಸುತ್ತೇನೆ. ಚೂರುಗಳನ್ನು ಪ್ಯಾಕ್ ಮಾಡಲು ಹೋಗಿ ಯಾರೂ ಕೈ ಕುಯ್ದುಕೊಳ್ಳಬಾರದು.